ಗಾಡಿ ಹತ್ತೋಕಿಂತ ಎರಡು ದಿನ ಮೊದ್ಲು ಪಾರನ ಟ್ಯಾಬ್ ಹಿಂಗ್ ಸ್ವಚ್ಛ ಮಾಡ್ರಿ

ನಮ್ಮ ಮಗಳು ಬೆಂಗಳೂರಾಗ ಇರ್ತಾಳ, ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಸಂಜಿಮುಂದ ಹತ್ತಿದ್ರ ಮರುದಿನ ಮುಂಜಾನಿ ಇಳಿಯೂದು. ಹ್ವಾದ ಸಲ ಮೊಮ್ಮಗನ ಟ್ಯಾಬಿನಾಗ ಏಳು ಗೇಮ್ ಅದಾವ, ವಿಡಿಯೋನೂ ಅದಾವ ಅಂತ ನಿಶ್ಚಿಂತಿಲೆ ಹೊಂಟ್ವಿ, ವಾಡಿ ದಾಟಿ ನೆಟ್‌ವರ್ಕ್ ಹೋತು ನೋಡ್ರಿ, ಒಂದರ ಮ್ಯಾಲ ಒಂದು ಗೇಮ್ ಸುಮ್ನ ಸುತ್ತಕೋತ ನಿಂತ್ವು, ವಿಡಿಯೋ ಒಂದೂ ತೆರೀಲಿಲ್ಲ. ಮನ್ಯಾಗ ವೈಫೈ ಇರ್ತದಲ್ಲ, ಅದಕ್ಕ ಎಲ್ಲಾ ಟ್ಯಾಬಿನಾಗೇ ಅದ ಅಂತ ನಮಗ ಅನಸ್ತಿತ್ತು. ಪಾರ ಯಾದಗಿರಿ ತನ ಅತ್ತ. ಅವತ್ತಿಂದ ನಾನು ಸೊಸಿ ಕೂಡಿ ಎರಡು ದಿನ ಮೊದ್ಲೇ ಕೂಡತೀವಿ.

ಕುಂತ ಕೂಡ್ಲೇ ಅಳಸಾಕ ಶುರು ಮಾಡಬ್ಯಾಡ್ರಿ. ಮೊದ್ಲು Settings ಒಳಗ Storage ತಗದು ಜಾಗಾ ಎಲ್ಲಿ ಹೋಗ್ಯಾದ ನೋಡ್ರಿ. ನಮ್ಮದು 32 ಜಿಬಿ ಟ್ಯಾಬ್, ಒಂದು ಜಿಬಿನೂ ಖಾಲಿ ಇರಲಿಲ್ಲ. ಗೇಮೇ ತಿಂದಾವ ಅಂತ ತಿಳಕೊಂಡಿದ್ವಿ, ನೋಡಿದ್ರ ಸುಮಾರು 6 ಜಿಬಿ ಸ್ಕ್ರೀನ್ ರೆಕಾರ್ಡಿಂಗೇ ಇತ್ತು, ಪಾರ ಮ್ಯಾಲಿಂದ ಪರದೆ ಎಳೆದು ಯಾವದೋ ಬಟನ್ ಒತ್ತಿಬಿಟ್ಟಾನ, ಅದು ತಾಸುಗಟ್ಲೆ ರೆಕಾರ್ಡ್ ಆಗ್ಯಾದ. ಮತ್ತ 2 ಜಿಬಿ ಕ್ಯಾಮೆರಾ ವಿಡಿಯೋ, ಅರ್ಧಕ್ಕರ್ಧ ಬರೇ ಫ್ಯಾನು, ಗ್ವಾಡಿ. ಅವು ಅಳಿಸಿದ್ವಿ, ಆದ್ರೂ ಜಾಗಾ ಹೆಚ್ಚಾಗಲಿಲ್ಲ, ಯಾಕಂದ್ರ ಗ್ಯಾಲರಿಯಾಗ ಅಳಿಸಿದ್ದು Trash ಒಳಗ ಹೋಗಿ ಕೂಡ್ತದ, ಅದನ್ನೂ ತಗದು ಖಾಲಿ ಮಾಡಬೇಕು.

ಇಲ್ಲೇ ಒಂದು ಮಾತು, ಇದು ಮರೀಬ್ಯಾಡ್ರಿ. ತಾಯಿ ಫೋನಿನ ಗೂಗಲ್ ಅಕೌಂಟೇ ಟ್ಯಾಬಿಗೂ ಹಾಕಿದ್ರ, ಬ್ಯಾಕಪ್ ಚಾಲೂ ಇದ್ರ, ಗೂಗಲ್ ಫೋಟೋಸ್ ಒಳಗ ಟ್ಯಾಬಿನಿಂದ ಅಳಿಸಿದ ಫೋಟೋ ಅಕೌಂಟಿನಿಂದನೂ ಹೋಗ್ತದ, ಫೋನಿನಾಗೂ ಕಾಣಂಗಿಲ್ಲ. ನಮ್ಮ ಸೊಸಿ ತೊಟ್ಟಿಲ ಕಾರ್ಯಕ್ರಮದ ಫೋಟೋ ಹಿಂಗೇ ಅಳಿಸಿದ್ಲು, Trash ಒಳಗ ಇನ್ನಾ ಇದ್ವು ಅಂತ ವಾಪಸ್ ಬಂದ್ವು. ಬ್ಯಾಕಪ್ ಆದ ಫೋಟೋ ಟ್ಯಾಬಿನಿಂದ ಅಷ್ಟೇ ತಗೀಬೇಕಂದ್ರ ಆ ಆ್ಯಪಿನಾಗೇ Free up space ಅಂತ ಇರ್ತದ, ಅದನ್ನ ಒತ್ತರಿ.

ಆಮ್ಯಾಲ ಗೇಮು. ಪಾರನ್ನ ಬಾಜೂಕ ಕುಂದರಿಸಿಕೊಂಡೇ ಮಾಡ್ರಿ, ಅವ ನಿದ್ದಿ ಮಾಡ್ದಾಗ ಕದ್ದು ಮಾಡಬ್ಯಾಡ್ರಿ. Settings ಒಳಗ Apps ತಗದು ಗೇಮಿನ ಹೆಸರ ಒತ್ತಿ, ಅದರ Storage ತಗದ್ರ Clear cache ಮತ್ತ Clear data ಅಂತ ಎರಡು ಕಾಣ್ತಾವ, ಕೆಲವು ಟ್ಯಾಬಿನಾಗ ಎರಡನೇದಕ್ಕ Clear storage ಅಂತ ಇರ್ತದ. ಮೊದಲನೇದು ಒತ್ತಿದ್ರ ತಾತ್ಪೂರ್ತಿಕ ಕಸ ಅಷ್ಟೇ ಹೋಗ್ತದ, ಎರಡನೇದು ಒತ್ತಿದ್ರ ಅವ ತಿಂಗಳುಗಟ್ಲೆ ಆಡಿ ದಾಟಿದ ಲೆವೆಲ್ಲೇ ಹೋಗ್ಬಹುದು. ಅಕೌಂಟಿಗೆ ಜೋಡಿಸಿದ ಗೇಮಾದ್ರ ವಾಪಸ್ ಬರ್ತದ, ಉಳಿದವು ಬರಂಗಿಲ್ಲ. ಅದಕ್ಕ ಎರಡನೇದು ಮುಟ್ಟಲೇ ಬ್ಯಾಡ್ರಿ. ಯಾವ ಗೇಮ್ ಬ್ಯಾಡ ಅಂತ ಅವನನ್ನೇ ಕೇಳ್ರಿ, ನಮ್ಮವ "ಆಯಿ, ಈ ಕಾರಿಂದು ತಗಿ, ನಂಗ ಬ್ಯಾಸರಾಗ್ಯಾದ" ಅಂದ, ಅದೊಂದರಲೇ 2 ಜಿಬಿ ಮ್ಯಾಲ ಉಳೀತು.

ಜಾಗಾ ಆದ ಮ್ಯಾಲ ವೈಫೈನಾಗ ಉಳಿದ ಗೇಮ್ ಅಪ್‌ಡೇಟ್ ಮಾಡಿ, ಒಂದೊಂದೂ ಒಂದ್ಸಲ ತಗದು ಸ್ವಲ್ಪ ಆಡ್ರಿ, ಬಾಳ ಗೇಮು ತಗದ ಮ್ಯಾಲೇ ಇನ್ನೊಂದಿಷ್ಟು ಫೈಲ್ ಇಳಿಸಿಕೊಳ್ತಾವ. ವಿಡಿಯೋ ಯಾವ ಆ್ಯಪಿನಾಗ ನೋಡ್ತಾನೋ ಆ ಆ್ಯಪಿನ ಡೌನ್‌ಲೋಡ್ ಬಟನ್ನಿಂದಲೇ ಇಳಿಸ್ರಿ, ಟ್ಯಾಬಿನ ಪರದೆಗೆ 480p ಸಾಕು. ಹದಿನೈದು ದಿನ ಮೊದ್ಲು ಇಳಿಸಿ ಇಡಬ್ಯಾಡ್ರಿ, ಇಂಥಾ ವಿಡಿಯೋಕ್ಕ ನಡುನಡುವ ನೆಟ್ ಸಿಗಬೇಕಾಗ್ತದ, ಇಲ್ಲಾಂದ್ರ ತೆರಿಯಂಗಿಲ್ಲ. ಹೊಂಡೋ ಹಿಂದಿನ ದಿನ ಇಳಿಸ್ರಿ.

ಅವತ್ತು ರಾತ್ರಿ ಖರೇ ಪರೀಕ್ಷಾ. ಫ್ಲೈಟ್ ಮೋಡ್ ಹಾಕ್ರಿ, ವೈಫೈ ಬಂದ್ ಆಗ್ಯಾದ ಅಂತ ಕಣ್ಣಿಲೇ ನೋಡ್ರಿ, ಟ್ಯಾಬ್ ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ, ಯಾಕಂದ್ರ ಮೊದ್ಲೇ ತೆರದಿದ್ದ ಗೇಮ್ ನೆಟ್ ಇಲ್ದನೂ ಸ್ವಲ್ಪ ಹೊತ್ತು ನಡೀತದ, ಅದನ್ನ ನೋಡಿ ನಾವು ಮೋಸ ಹೋಗ್ತೀವಿ. ಈಗ ಎಲ್ಲಾ ಗೇಮು, ಎಲ್ಲಾ ವಿಡಿಯೋ ಒಂದೊಂದೇ ತಗದು ನೋಡ್ರಿ. ವಿಡಿಯೋ ಮೊದಲನೇ ನಿಮಿಷ ನೋಡಿ ಬಿಡಬ್ಯಾಡ್ರಿ, ನಡುವಿಗೊಮ್ಮಿ, ಕಡೀಗೊಮ್ಮಿ ಎಳೆದು ನೋಡ್ರಿ, ಅರ್ಧಾ ಇಳಿದದ್ದು ಅಲ್ಲೇ ಗೊತ್ತಾಗ್ತದ. ನಮ್ಮವು ಆರು ಗೇಮಿನಾಗ ಮೂರೇ ತೆರದ್ವು. ಆ ಮೂರು ಮೊದಲನೇ ಪರದೆ ಮ್ಯಾಲ ಇಟ್ವಿ, ನೆಟ್ ಬೇಡೂವು ಅಳಿಸಲಿಲ್ಲ, ಒಂದು ಫೋಲ್ಡರಿನಾಗ ಹಾಕಿ "ಇವು ಅತ್ತಿ ಮನಿ ವೈಫೈನಾಗ" ಅಂತ ಪಾರಗ ಹೇಳಿದ್ವಿ. ಗಾಡ್ಯಾಗೂ ಫ್ಲೈಟ್ ಮೋಡಿನಾಗೇ ಕೊಡ್ರಿ, ಸಿಗ್ನಲ್ ಹುಡುಕ್ಕೋತ ಬ್ಯಾಟರಿ ಖರ್ಚಾಗಂಗಿಲ್ಲ, ಜಾಹೀರಾತು ಒತ್ತಿ ಏನರೆ ಖರೀದಿ ಮಾಡೋ ಅಂಜಿಕಿನೂ ಇರಂಗಿಲ್ಲ.