ವರ್ಷದಲ್ಲಿ ಮೂರು ಸಲ ಬದಲಾದ ಬಂಡವಾಳಕ್ಕೆ ನಾನು ಬಡ್ಡಿ ಹಾಕಿದ್ದು ಹೀಗೆ

ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ನಾನು ಬರೆಯುತ್ತೇನೆ. ಅಣ್ಣ ತಮ್ಮ ಇಬ್ಬರೇ ಪಾಲುದಾರರು. ಬಂಡವಾಳಕ್ಕೆ ಶೇ. 12, ಸ್ವಂತ ಖರ್ಚಿಗೆಂದು ಅಂಗಡಿಯಿಂದ ತೆಗೆಯುವ ಡ್ರಾಯಿಂಗ್ಸ್‌ಗೆ ಶೇ. 10 ಬಡ್ಡಿ ಎಂದು ಅವರ ಪಾಲುದಾರಿಕೆ ಪತ್ರದಲ್ಲಿದೆ. ಪತ್ರದಲ್ಲಿ ಹಾಗೆ ಬರೆದಿರದಿದ್ದರೆ ಬಂಡವಾಳಕ್ಕೆ ಬಡ್ಡಿ ಕೊಡುವ ಹಾಗೇ ಇಲ್ಲ. ಹಾಗಾಗಿ ಲೆಕ್ಕಕ್ಕೆ ಕೂರುವ ಮೊದಲು ಆ ಪುಟವನ್ನು ಇನ್ನೊಮ್ಮೆ ಓದಿಕೊಳ್ಳುತ್ತೇನೆ.

2024-25ರಲ್ಲಿ ಅಣ್ಣನವರ ಬಂಡವಾಳ ಮೂರು ಸಲ ಬದಲಾಯಿತು. ಏಪ್ರಿಲ್ 1ಕ್ಕೆ 4,00,000 ರೂಪಾಯಿ ಇತ್ತು. ಜೂನ್ 1ರಂದು 1,50,000 ತಂದು ಹಾಕಿದರು, ಫೆಬ್ರವರಿ 1ರಂದು ಇನ್ನೂ 1,00,000. ಇವೆರಡರ ನಡುವೆ, ಅಕ್ಟೋಬರ್ 1ರ ಕ್ಯಾಶ್ ಬುಕ್‌ನಲ್ಲಿ 'ದೊಡ್ಡವರಿಗೆ 50,000' ಎಂದಷ್ಟೇ ಇತ್ತು.

ನಾನು ತಡೆದು ನಿಂತದ್ದು ಇಲ್ಲೇ. ಅದು ಡ್ರಾಯಿಂಗ್ಸ್ ಆದರೆ ಬಂಡವಾಳ ಹಾಗೇ ಉಳಿಯುತ್ತದೆ, ಆರು ತಿಂಗಳಿಗೆ 2,500 ರೂಪಾಯಿ ಬಡ್ಡಿಯನ್ನು ಅವರೇ ಅಂಗಡಿಗೆ ಕೊಡಬೇಕಾಗುತ್ತದೆ. ಬಂಡವಾಳದಲ್ಲೇ ವಾಪಸ್ ಪಡೆದದ್ದಾದರೆ ಅವರಿಗೆ ಬರುವ ಬಡ್ಡಿಯಲ್ಲಿ 3,000 ಕಡಿಮೆಯಾಗುತ್ತದೆ. ಎರಡನ್ನೂ ಹಾಕಿದರೆ ಒಂದೇ ಹಣಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಊಹೆ ಮಾಡದೆ ಅವರನ್ನೇ ಕೇಳಿದೆ. "ಮನೆ ಖರ್ಚಿಗಲ್ಲ ರೀ, ನಾನು ಹಾಕಿದ್ದರಲ್ಲೇ ಅಷ್ಟು ವಾಪಸ್ ತಗೊಂಡೆ, ತಮ್ಮನಿಗೂ ಗೊತ್ತು" ಅಂದರು. ತಮ್ಮನವರೂ ಹೌದೆಂದ ಮೇಲೆ ಬಂಡವಾಳ ಖಾತೆಗೇ ಖರ್ಚು ಹಾಕಿ, ವಿವರಣೆಯನ್ನು ಪೂರ್ತಿಯಾಗಿ ಬರೆದೆ.

ಮುಂದಿನದು ಗುಣಲಬ್ಧದ ಲೆಕ್ಕ. ಒಂದು ಮೊತ್ತ ಬದಲಾಗದೆ ಎಷ್ಟು ತಿಂಗಳು ನಿಂತಿತ್ತೋ ಅಷ್ಟರಿಂದ ಅದನ್ನು ಗುಣಿಸುವುದು. 4,00,000 ಎರಡು ತಿಂಗಳು, 5,50,000 ನಾಲ್ಕು ತಿಂಗಳು, 5,00,000 ನಾಲ್ಕು ತಿಂಗಳು, 6,00,000 ಎರಡು ತಿಂಗಳು. ತಿಂಗಳು ಕೂಡಿದರೆ ಹನ್ನೆರಡೇ ಬರಬೇಕು, ಬಂತು. ಗುಣಲಬ್ಧಗಳ ಮೊತ್ತ 62,00,000. ಇದು ಒಂದು ತಿಂಗಳಿಗೆ ಇಳಿಸಿದ ಮೊತ್ತವಾದ್ದರಿಂದ ತಿಂಗಳಿಗೆ ಶೇ. 1ರಂತೆ ಬಡ್ಡಿ 62,000 ರೂಪಾಯಿ.

ಇದನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡುತ್ತೇನೆ. ಇಲ್ಲಿ ಉಳಿಕೆಯನ್ನು ಬಿಟ್ಟು, ಬದಲಾದ ಹಣವನ್ನು ಮಾತ್ರ ವರ್ಷದ ಕೊನೆವರೆಗಿನ ತಿಂಗಳುಗಳಿಂದ ಗುಣಿಸಬೇಕು: 4,00,000ಕ್ಕೆ 12, ಹಾಕಿದ 1,50,000ಕ್ಕೆ 10, ಹಾಕಿದ 1,00,000ಕ್ಕೆ 2, ವಾಪಸ್ ಪಡೆದ 50,000ಕ್ಕೆ 6, ಇದು ಕಳೆಯುವುದು. ಮತ್ತೆ 62,00,000ವೇ ಬರುತ್ತದೆ.

ಈ ಕೆಲಸದ ಮೊದಲ ವರ್ಷಗಳಲ್ಲಿ ನಾನು ಎರಡು ದಾರಿಗಳನ್ನು ಬೆರೆಸಿ ತಪ್ಪಿದ್ದೆ. ಉಳಿಕೆ ಮೊತ್ತ ಹಿಡಿದು, ತಿಂಗಳು ಮಾತ್ರ ವರ್ಷದ ಕೊನೆವರೆಗೆ ಎಣಿಸಿದ್ದೆ. ಈ ಲೆಕ್ಕದಲ್ಲಿ ಹಾಗೆ ಮಾಡಿದರೆ ಬಡ್ಡಿ 1,45,000 ಆಗುತ್ತದೆ. ಆಗಿನಿಂದ ಒಂದು ಅಂದಾಜನ್ನು ಪೆನ್ಸಿಲ್‌ನಲ್ಲಿ ಮೊದಲೇ ಬರೆದಿಡುತ್ತೇನೆ: ವರ್ಷದ ಅತಿ ಕಡಿಮೆ ಉಳಿಕೆ 4,00,000ಕ್ಕೆ ಇಡೀ ವರ್ಷದ ಬಡ್ಡಿ 48,000, ಅತಿ ಹೆಚ್ಚಿನ 6,00,000ಕ್ಕೆ 72,000. ಉತ್ತರ ಈ ಎರಡರ ನಡುವೆ ಬೀಳಲೇಬೇಕು.

ತಮ್ಮನವರ ಡ್ರಾಯಿಂಗ್ಸ್ ತಿಂಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಮೇ 20ಕ್ಕೆ 20,000, ಆಗಸ್ಟ್ 10ಕ್ಕೆ 30,000, ಮಾರ್ಚ್ 1ಕ್ಕೆ 15,000 ನಗದು. ಡಿಸೆಂಬರ್ 5ರಂದು ಮನೆ ಕೆಲಸಕ್ಕೆ ಅಂಗಡಿಯಿಂದಲೇ ಸಿಮೆಂಟು, ಕಬ್ಬಿಣ ಒಯ್ದಿದ್ದರು. ಅದರ ಖರೀದಿ ಬೆಲೆ 25,000 ಸ್ಟಾಕ್ ಪುಸ್ತಕದಲ್ಲಿ ಸಿಕ್ಕಿತು. ಸರಕು ಒಯ್ದರೂ ಅದು ಡ್ರಾಯಿಂಗ್ಸೇ. ಕ್ಯಾಶ್ ಬುಕ್ ಒಂದನ್ನೇ ನೋಡಿದ್ದರೆ ಇದು ತಪ್ಪಿಹೋಗುತ್ತಿತ್ತು.

ಎಕ್ಸೆಲ್‌ನಲ್ಲಿ A ಕಾಲಂಗೆ ತಾರೀಖು, B ಕಾಲಂಗೆ ಮೊತ್ತ ಹಾಕಿದೆ. C2ರ ಸೂತ್ರವನ್ನು C5ರವರೆಗೆ ಎಳೆದು, ಬಡ್ಡಿಯನ್ನು D2ರಲ್ಲಿ ತೆಗೆದೆ:

```
C2: =DATE(2025,3,31)-A2
D2: =SUMPRODUCT(B2:B5,C2:C5)*10%/365
```

ದಿನಗಳು 315, 233, 116, 30 ಎಂದು ಬಂದವು. ಗುಣಲಬ್ಧಗಳ ಮೊತ್ತ 1,66,40,000, ಬಡ್ಡಿ 4,559 ರೂಪಾಯಿ. ಹಣ ತೆಗೆದ ದಿನವನ್ನು ಈ ಸೂತ್ರ ಎಣಿಸುವುದಿಲ್ಲ. ಡ್ರಾಯಿಂಗ್ಸ್‌ಗೆ ನಾನು ಯಾವಾಗಲೂ ಹಾಗೇ ಹಿಡಿಯುತ್ತೇನೆ. ಆದರೆ ಜೂನ್ 1ಕ್ಕೆ ಬಂದ ಬಂಡವಾಳವನ್ನು ದಿನದ ಲೆಕ್ಕದಲ್ಲಿ ಹಾಕುವಾಗ ಇದೇ ಸೂತ್ರ 303 ತೋರಿಸುತ್ತದೆ. ಜೂನ್ ಪೂರ್ತಿ ಸೇರಬೇಕಾದರೆ 304 ಬೇಕು, ಅಲ್ಲಿ ಕೊನೆಗೆ `+1` ಸೇರಿಸಬೇಕು.

ತಮ್ಮನವರು ಹಾಳೆ ನೋಡಿ, "ಒಟ್ಟು 90,000ಕ್ಕೆ ಆರು ತಿಂಗಳು ಅಂತ ಹಿಡಿದುಬಿಟ್ಟರೆ ಸಾಕಿತ್ತಲ್ಲ?" ಅಂದರು. ಹಾಗೆ ಹಿಡಿದರೆ 4,500 ಬರುತ್ತದೆ, ವ್ಯತ್ಯಾಸ 59 ರೂಪಾಯಿ. ಈ ವರ್ಷ ತಾರೀಖುಗಳು ಹಾಗೆ ಹಂಚಿಕೊಂಡಿದ್ದವು ಅಷ್ಟೇ. ಅಷ್ಟೂ ಹಣವನ್ನು ಮೇ 20ಕ್ಕೇ ತೆಗೆದಿದ್ದರೆ ಬಡ್ಡಿ 7,767 ಆಗುತ್ತಿತ್ತು ಎಂದು ತಾರೀಖು ಬದಲಿಸಿ ತೋರಿಸಿದೆ. ತಾರೀಖು ಎಲ್ಲೂ ಸಿಗದಿದ್ದಾಗ ಮಾತ್ರ ನಾನು ಆರು ತಿಂಗಳು ಹಿಡಿಯುವುದು. ಅವರು ಹಾಳೆಯ ಕೆಳಗೆ ಸಹಿ ಹಾಕಿದರು, ಆಮೇಲೆ ಅಣ್ಣನವರೂ ಹಾಕಿದರು.