ಭುಜದ ಬುಗುಟು ನೋಡಿ ಆಪರೇಷನ್ ಅಂತ ಹೇಳೋಕಾಗಲ್ಲ

ಹೋದ ವರ್ಷ ಮಳೆಗಾಲದಲ್ಲಿ ಬೈಕ್ ಸ್ಕಿಡ್ ಆಗಿ ಬಲಭುಜದ ತುದಿ ನೆಲಕ್ಕೆ ಬಡಿದಿದ್ದ ಹುಡುಗ ಬಂದಿದ್ದ, ಹಾಲಿನ ಕ್ಯಾನ್ ಲೋಡ್ ಮಾಡೋ ಕೆಲಸ. ಶರ್ಟ್ ತೆಗೆದ್ರೆ ಕಾಲರ್ ಬೋನ್ ತುದಿ ಚರ್ಮನ ಎತ್ತಿಕೊಂಡು ನಿಂತಿತ್ತು. ಅವರಮ್ಮ "ಮೂಳೆ ಮೇಲೆ ಬಂದ್ಬಿಟ್ಟಿದೆ, ಕೂರಿಸ್ಬೇಕಲ್ವಾ ಸರ್" ಅಂದ್ರು. ನಿಜ ಹೇಳ್ಬೇಕಂದ್ರೆ ಮೂಳೆ ಮೇಲೆ ಬಂದಿರಲ್ಲ, ಅದನ್ನ ಹಿಡಿದಿದ್ದ ಲಿಗಮೆಂಟ್ ಹರಿದು ಕೈ ಭಾರಕ್ಕೆ ಭುಜನೇ ಕೆಳಗೆ ಜೋತಾಡಿರುತ್ತೆ. ಮೊಣಕೈ ಹಿಡಿದು ನಿಧಾನಕ್ಕೆ ಮೇಲಕ್ಕೆ ಎತ್ತಿದೆ, ಬುಗುಟು ಇಳೀತು. ಬೆರಳಲ್ಲಿ ಒತ್ತಿದ್ರೆ ಹಾರ್ಮೋನಿಯಂ ಮನೆ ತರ ಒಳಗೆ ಹೋಗಿ, ಬಿಟ್ಟ ತಕ್ಷಣ ಎದ್ದು ಬರ್ತಿತ್ತು.

ಆಮೇಲೆ ಭುಜ ಕಿವಿ ಕಡೆಗೆ ಎತ್ತಪ್ಪ ಅಂದೆ. ಕಷ್ಟಪಟ್ಟು ಎತ್ತಿದಾಗ ಬುಗುಟು ಬಹುಪಾಲು ಸರಿಹೋಯ್ತು. ಇದನ್ನ ನಾನು ಬಿಡೋದೇ ಇಲ್ಲ, ಯಾಕಂದ್ರೆ ಈ ಗಾಯಕ್ಕಿರೋ ಆರು ಗ್ರೇಡ್‌ಗಳ ಪೈಕಿ ಐದನೇ ಗ್ರೇಡ್‌ನಲ್ಲಿ ಮೇಲಿನ ಮಾಂಸಖಂಡದ ಹೊದಿಕೆನೂ ಕಿತ್ತಿರುತ್ತೆ, ಸಾಮಾನ್ಯವಾಗಿ ಹೀಗೆ ಎತ್ತಿದ್ರೂ ಕೂರಲ್ಲ.

ಎರಡೂ ಭುಜ ಒಂದೇ ಫಿಲ್ಮ್‌ನಲ್ಲಿ ತೆಗೆಸಿದೆ. ಹೆಗಲ ಹಲಗೆಯಿಂದ ಕೊಕ್ಕಿನ ತರ ಮುಂದೆ ಬರೋ ಕೊರಕಾಯ್ಡ್‌ಗೂ ಕಾಲರ್ ಬೋನ್‌ಗೂ ನಡುವೆ ಎಡಗಡೆ 12 ಮಿಮೀ, ಬಲಗಡೆ 21. ಅಂದ್ರೆ ಶೇ. 75 ಜಾಸ್ತಿ. ರಾಕ್‌ವುಡ್ ಲೆಕ್ಕದಲ್ಲಿ ಶೇ. 25ರಿಂದ 100ರವರೆಗೆ ಮೂರನೇ ಗ್ರೇಡ್, ಅದು ದಾಟಿದ್ರೆ ಐದು.

ಕಂಕುಳ ಕಡೆಯಿಂದ ತೆಗೆಯೋ ಆಕ್ಸಿಲರಿ ವ್ಯೂನೂ ಬೇಕೇಬೇಕು ಅಂದೆ. ಶುರುವಿನ ವರ್ಷಗಳಲ್ಲಿ ಒಬ್ಬರಿಗೆ ನೋವು ಜಾಸ್ತಿ ಅಂತ ಅದನ್ನ ಬಿಟ್ಟು ಎರಡನೇ ಗ್ರೇಡ್ ಅಂತ ಸ್ಲಿಂಗ್ ಹಾಕಿ ಕಳಿಸಿದ್ದೆ, ಮೂರು ತಿಂಗಳಾದ್ರೂ ನೋವು ಹೋಗ್ಲಿಲ್ಲ ಅಂತ ವಾಪಸ್ ಬಂದ್ರು, ನೋಡಿದ್ರೆ ಮೂಳೆ ಹಿಂದಕ್ಕೆ ಹೋಗಿ ಟ್ರಪೀಜಿಯಸ್ ಅನ್ನೋ ಕತ್ತು-ಬೆನ್ನಿನ ಮಾಂಸಖಂಡದ ಒಳಗೆ ಸಿಕ್ಕಿಕೊಂಡಿತ್ತು. ನಾಲ್ಕನೇ ಗ್ರೇಡ್. ಮುಂದಿನಿಂದ ತೆಗೆದ ಎಕ್ಸ್‌ರೇಲಿ ಅದು ಹೆಚ್ಚುಕಮ್ಮಿ ಸರಿಯಾಗೇ ಕಾಣಿಸಬಹುದು. ಮೊದಲ ಎರಡು ಮೂರು ವಾರದೊಳಗೆ ಆಪರೇಷನ್ ಆಗಿದ್ರೆ ಹರಿದ ಲಿಗಮೆಂಟೇ ಕೂಡಿಕೊಳ್ಳೋ ಚಾನ್ಸ್ ಇರ್ತಿತ್ತು, ತಡವಾಗಿದ್ದಕ್ಕೆ ತೊಡೆ ಹಿಂದಿನ ಟೆಂಡನ್ ತೆಗೆದು ಹೊಸದಾಗಿ ಕಟ್ಟಬೇಕಾಯ್ತು. ಆ ತಪ್ಪು ನಂದೇ, ಇವತ್ತಿಗೂ ಮನಸ್ಸಿಗೆ ನೋವಿದೆ.

ಈ ಹುಡುಗಂದು ಹಿಂದಕ್ಕೆ ಹೋಗಿರ್ಲಿಲ್ಲ. ನಾಲ್ಕು, ಐದು, ಆರು ಆಗಿದ್ರೆ ಆಪರೇಷನ್ ಮಾತಾಡ್ತಿದ್ದೆ. ಮೂರಕ್ಕೆ ನಾನು ಮೊದಲು ಕಾಯ್ತೀನಿ. 2015ರ ಕೆನಡಾ ಟ್ರಯಲ್‌ನಲ್ಲಿ ಕಾಲರ್ ಬೋನ್ ಒತ್ತಿ ಹಿಡಿಯೋ ಹುಕ್ ಪ್ಲೇಟ್ ಹಾಕಿದವರಿಗಿಂತ ಹಾಕದೆ ಬಿಟ್ಟವರ ಕೈ ಮೊದಲ ತಿಂಗಳುಗಳಲ್ಲಿ ಚೆನ್ನಾಗಿತ್ತು, ಎರಡು ವರ್ಷಕ್ಕೆ ಕೈ ಕೆಲಸದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. ಪ್ಲೇಟ್ ತೆಗೆಯೋಕೆ ಇನ್ನೊಂದು ಆಪರೇಷನ್ ಬೇರೆ.

ನೋವು ಇಳಿಯೋವರೆಗೆ ಸ್ಲಿಂಗ್, ಆಮೇಲೆ ಹೆಗಲ ಹಲಗೆಯ ಎಕ್ಸರ್‌ಸೈಜ್. ಮೂರನೇ ವಾರ ಕರೆಸಿ ಬೆನ್ನ ಹಿಂದೆ ನಿಂತು, ಕೈ ಎತ್ತಿ ಇಳಿಸುವಾಗ ಹಲಗೆ ಅಂಚು ಎದ್ದು ನಿಲ್ಲುತ್ತಾ ನೋಡಿದೆ. ಸ್ವಲ್ಪ ಇತ್ತು. ಕೈ ಎದೆಗೆ ಅಡ್ಡ ತಂದಾಗ ಕಾಲರ್ ಬೋನ್ ಭುಜದ ತುದಿ ಮೂಳೆ ಮೇಲೆ ಹತ್ತಿದೆಯಾ ಅಂತ ಎಕ್ಸ್‌ರೇಲಿ ನೋಡಿದ್ರೆ ಹತ್ತಿರ್ಲಿಲ್ಲ. ಹತ್ತಿದ್ದು, ಆರನೇ ವಾರಕ್ಕೂ ಹಲಗೆ ಸರಿಹೋಗದೆ ನೋವು ಇದ್ದಿದ್ರೆ ಲಿಗಮೆಂಟ್ ಹೊಸದಾಗಿ ಕಟ್ಟೋ ರೀಕನ್‌ಸ್ಟ್ರಕ್ಷನ್ ಮಾಡ್ತಿದ್ದೆ. ಆರನೇ ವಾರಕ್ಕೆ ಹಲಗೆ ಸಮ ಬಂತು, ಮೂರು ತಿಂಗಳಿಗೆ ಕ್ಯಾನ್ ಎತ್ತೋಕೆ ಬಿಟ್ಟೆ. ಬುಗುಟು ಹಾಗೇ ಇದೆ, ಅದು ಹೋಗಲ್ಲ ಅಂತ ಮೊದಲ ದಿನಾನೇ ಅವರಮ್ಮಂಗೆ ಹೇಳಿದ್ದೆ.