77 ಅಂತ ತೋರಿಸಿದ್ದು 77 ಆಗಿರಲಿಲ್ಲ

ನಾವು ಮಾಡುತ್ತಿದ್ದುದು ವಿಶ್ವ ಆರೋಗ್ಯ ಸಂಸ್ಥೆಯ ಎಥನಾಲ್ ಸೂತ್ರದ ಸ್ಯಾನಿಟೈಸರ್. ಹತ್ತು ಲೀಟರಿಗೆ 96 ಶೇಕಡಾ ಎಥನಾಲ್ 8,333 ಮಿ.ಲೀ., 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 417, ಗ್ಲಿಸರಿನ್ 145, ಉಳಿದದ್ದು ನೀರು. ಕೊನೆಗೆ ಗಾತ್ರದ ಲೆಕ್ಕದಲ್ಲಿ 80 ಶೇಕಡಾ ಎಥನಾಲ್ ಬರಬೇಕು. 75ರಿಂದ 85ರ ಒಳಗಿದ್ದರೆ ಪಾಸ್.

ಆ ದಿನ ಬ್ಯಾಚ್ ಬೆರೆಸಿ, ಅಳತೆ ಜಾಡಿಗೆ ಸುರಿದು, ತೇಲುತ್ತಾ ಆಲ್ಕೋಹಾಲಿನ ಶೇಕಡಾ ತೋರಿಸುವ ಆಲ್ಕೋಹಾಲ್ ಹೈಡ್ರೋಮೀಟರ್ ಬಿಟ್ಟೆ. ಗಾಜಿನ ಕಡ್ಡಿ 77ರಲ್ಲಿ ನಿಂತಿತು. ಪಾಸ್ ಅಲ್ವಾ ಅಂತ ಜೊತೆಗಿದ್ದವರು ಕ್ಯಾನ್‌ಗೆ ತುಂಬಿಸಲು ಹೊರಟರು. ನಾನು ಸುಮ್ನೆ ಥರ್ಮಾಮೀಟರ್ ಅದ್ದಿ ನೋಡಿದೆ. 32 ಡಿಗ್ರಿ! ಎಥನಾಲಿಗೆ ನೀರು ಬೆರೆಸಿದಾಗ ದ್ರವ ತಾನಾಗೇ ಬಿಸಿಯಾಗುತ್ತದೆ, ಮತ್ತೆ ನಮ್ಮ ಕೋಣೆಯೇನೂ ತಣ್ಣಗಿರಲಿಲ್ಲ.

ನನ್ನ ಹೈಡ್ರೋಮೀಟರಿನ ಮೇಲೆ 20 ಡಿಗ್ರಿ ಅಂತ ಬರೆದಿದೆ. ಅದರ ಗೀಟುಗಳು ಆ ಉಷ್ಣತೆಯಲ್ಲಿ ಮಾತ್ರ ನಿಜ ಹೇಳುತ್ತವೆ. (ಹಳೆಯ ಕೆಲವು ಕಡ್ಡಿಗಳಲ್ಲಿ 15 ಇರುತ್ತದೆ, ನಿಮ್ಮದನ್ನು ನೋಡಿಕೊಳ್ಳಿ.) ದ್ರವ ಬಿಸಿಯಾದರೆ ಹಿಗ್ಗುತ್ತದೆ, ಸಾಂದ್ರತೆ ಇಳಿಯುತ್ತದೆ, ಕಡ್ಡಿ ಇನ್ನಷ್ಟು ಮುಳುಗುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದಾಗಲೂ ಕಡ್ಡಿ ಮುಳುಗುವುದೇ. ಎರಡರಲ್ಲಿ ಯಾವುದು ಕಾರಣ ಅಂತ ಅದಕ್ಕೇನು ಗೊತ್ತು? 75–80ರ ಆಸುಪಾಸಿನಲ್ಲಿ ಡಿಗ್ರಿಗೆ ಸುಮಾರು 0.31 ಶೇಕಡಾ ಏರಿಸಿ ತೋರಿಸುತ್ತದೆ. ಹನ್ನೆರಡು ಡಿಗ್ರಿಗೆ 3.7. ಅಂದರೆ 77 ಅಲ್ಲ, 73.3.

ಇಷ್ಟಕ್ಕೇ ಬ್ಯಾಚ್ ಫೇಲ್ ಅನ್ನುವಂತಿರಲಿಲ್ಲ. ಗ್ಲಿಸರಿನ್ ನೀರಿಗಿಂತ ಭಾರ, ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಇರುವುದಕ್ಕಿಂತ ಕಡಿಮೆ ಆಲ್ಕೋಹಾಲ್ ತೋರಿಸುತ್ತದೆ. ಎಷ್ಟು ಕಡಿಮೆ ಅಂತ ನಾನು ಮೊದಲೇ ಕಂಡುಕೊಂಡಿದ್ದೆ. ಬಲ ಗೊತ್ತಿರುವ ಎಥನಾಲಿನಿಂದ ಅರ್ಧರ್ಧ ಲೀಟರ್ ಎರಡು ಮಾದರಿ, ಎರಡರಲ್ಲೂ 80 ಶೇಕಡಾ ಎಥನಾಲ್. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಸೂತ್ರದಷ್ಟೇ ಗ್ಲಿಸರಿನ್, ಪೆರಾಕ್ಸೈಡ್ ಕೂಡ. ಎರಡನ್ನೂ 20 ಡಿಗ್ರಿಗೆ ತಂದು ನೋಡಿದಾಗ ಒಂದೂವರೆ ಶೇಕಡಾ ವ್ಯತ್ಯಾಸ. ಸೂತ್ರ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. 73.3ಕ್ಕೆ 1.5 ಸೇರಿಸಿದರೆ 74.8. ಗಡಿಯಿಂದ ಕೂದಲೆಳೆಯಷ್ಟು ಕೆಳಗೆ.

ಕಡ್ಡಿಯ ಮೇಲೇ ಅನುಮಾನ ಬಂತು. ಗೀಟಿನಿಂದ ಗೀಟಿಗೆ ಒಂದು ಶೇಕಡಾ, ಕಣ್ಣು ಸ್ವಲ್ಪ ಮೇಲಿದ್ದರೂ ಮೋಸ. ಕಡ್ಡಿಗೆ ಒಂದೆರಡು ಗುಳ್ಳೆ ಅಂಟಿದರೂ ಅದು ಎದ್ದು ನಿಲ್ಲುತ್ತದೆ. ಅದಕ್ಕೆ ತೂಕದಿಂದ ಇನ್ನೊಮ್ಮೆ ನೋಡಿದೆ. ಮುಚ್ಚಳದಲ್ಲಿ ಸೂಕ್ಷ್ಮ ರಂಧ್ರ ಇರುವ 50 ಮಿ.ಲೀ. ಸಾಂದ್ರತೆ ಬಾಟಲಿ. ಅದರಲ್ಲಿ ನೀರು ತುಂಬಿ ತೂಗಿದೆ, 32 ಡಿಗ್ರಿಯಲ್ಲೇ. ನೀರಿನ ತೂಕ 49.86 ಗ್ರಾಂ. ಆ ಉಷ್ಣತೆಯಲ್ಲಿ ನೀರಿನ ಸಾಂದ್ರತೆ 0.9950, ಹಾಗಾಗಿ ಬಾಟಲಿಯ ನಿಜವಾದ ಗಾತ್ರ 50.11 ಮಿ.ಲೀ. ಬಾಟಲಿ ಒಣಗಿಸಿ ಸ್ಯಾನಿಟೈಸರ್ ತುಂಬಿದೆ, ಹೊರಗೆ ಒರೆಸಿ, ಆವಿಯಾಗುವ ಮೊದಲೇ ಬೇಗ ತೂಗಿದೆ. 43.44 ಗ್ರಾಂ. ಉಷ್ಣತೆ ಒಂದು ಡಿಗ್ರಿ ಇಳಿದರೆ ಈ ದ್ರವದ ಸಾಂದ್ರತೆ ಸುಮಾರು 0.00086 ಏರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೆ.

```
43.44 / 50.11       = 0.8669   (32 °C)
0.8669 + 12×0.00086 = 0.8772   (20 °C)
```

ಎಥನಾಲ್–ನೀರಿನ ಕೋಷ್ಟಕದಲ್ಲಿ 75 ಶೇಕಡಾಗೆ 0.8728, 70ಕ್ಕೆ 0.8856. ನಡುವೆ ಲೆಕ್ಕ ಹಾಕಿದರೆ 73.3. ಕಡ್ಡಿ ಹೇಳಿದ್ದೇ! ಕೋಷ್ಟಕ ನೋಡುವಾಗ ಗಾತ್ರದ ಶೇಕಡಾ ಕಾಲಮ್ಮನ್ನೇ ನೋಡಬೇಕು. ತೂಕದ ಕಾಲಮ್ಮಿನಲ್ಲಿ 80 ಅನ್ನುವುದು 73.5 ಆಗಿಬಿಡುತ್ತದೆ, ನಾನೇ ಒಮ್ಮೆ ಅಲ್ಲಿ ಎಡವಿದ್ದೇನೆ.

ತಪ್ಪು ಎಲ್ಲಾಯಿತು? ಡ್ರಮ್ಮಿನ ಎಥನಾಲನ್ನು ನೀರಿನ ತೊಟ್ಟಿಯಲ್ಲಿಟ್ಟು 20 ಡಿಗ್ರಿಗೆ ತಣಿಸಿ ಅಳೆದೆ. ಲೇಬಲ್ 96 ಅಂದಿತ್ತು, ಕಡ್ಡಿ 90 ಅಂದಿತು. 8,333ರ 90 ಶೇಕಡಾ ಅಂದರೆ 7,500. ಹತ್ತು ಲೀಟರಿನಲ್ಲಿ ಅದು 75, ನಮಗೆ ಸಿಕ್ಕ ಉತ್ತರದ ಪಕ್ಕದಲ್ಲೇ. ಲೇಬಲ್ ನಂಬಿ ಅಳೆಯದೆ ಸುರಿದದ್ದು ನನ್ನದೇ ತಪ್ಪು. ಬೇರೆ ಕಡೆಯಿಂದ 96ರದ್ದು ತರಿಸಿ, ಅಳೆದು, 3.1 ಲೀಟರ್ ಸೇರಿಸಿದೆವು. ಗ್ಲಿಸರಿನ್, ಪೆರಾಕ್ಸೈಡನ್ನೂ ಅದೇ ಲೆಕ್ಕದಲ್ಲಿ ಏರಿಸಿದೆವು. ಮರುದಿನ, ಬಿಸಿ ಇಳಿದು ಗುಳ್ಳೆ ಹೋದ ಮೇಲೆ, ಇನ್ನೊಮ್ಮೆ ಅಳೆದೆ. 20 ಡಿಗ್ರಿಯಲ್ಲಿ ಕಡ್ಡಿ 78ಕ್ಕೂ 79ಕ್ಕೂ ನಡುವೆ. ಗ್ಲಿಸರಿನ್ ಲೆಕ್ಕ ಸೇರಿಸಿದರೆ 80.

ಜೆಲ್‌ಗೆ ಇದು ನಡೆಯುವುದಿಲ್ಲ. ಜೆಲ್‌ನಲ್ಲಿ ಕಡ್ಡಿ ಬಿಟ್ಟಲ್ಲೇ ಸಿಕ್ಕಿಕೊಳ್ಳುತ್ತದೆ, ಒಳಗೆ ಗಾಳಿ ಬೇರೆ. ಇನ್ನೊಂದು ವಿಷಯ ಮಾತ್ರ ನನಗೆ ಇವತ್ತಿಗೂ ಹೆದರಿಕೆ. ಮೆಥನಾಲಿನ ಸಾಂದ್ರತೆ 0.791, ಎಥನಾಲಿನದು 0.789. ಡ್ರಮ್ಮಿನಲ್ಲಿ ವಿಷದ ಮೆಥನಾಲ್ ಬೆರೆತಿದ್ದರೂ ಹೈಡ್ರೋಮೀಟರ್ ಆರಾಮಾಗಿ ಸರಿಯಾದ ಗೀಟಿನಲ್ಲೇ ನಿಲ್ಲುತ್ತದೆ. 2020ರಲ್ಲಿ ಅಮೆರಿಕದ ಎಫ್‌ಡಿಎ ಮೆಥನಾಲ್ ಇದ್ದ ಸ್ಯಾನಿಟೈಸರ್‌ಗಳ ದೊಡ್ಡ ಪಟ್ಟಿಯನ್ನೇ ಹೊರಡಿಸಿತ್ತು. ಹಾಗಾಗಿ ಹೊಸ ಡ್ರಮ್ ಬಂದಾಗ ಮೊದಲು, ಯಾವ ಆಲ್ಕೋಹಾಲ್ ಎಷ್ಟಿದೆ ಅಂತ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಾಫಿ ಇರುವ ಲ್ಯಾಬಿಗೆ ಸ್ಯಾಂಪಲ್ ಕಳಿಸುತ್ತೇನೆ, ಆಮೇಲೆ ಕಡ್ಡಿ ತೆಗೆಯುತ್ತೇನೆ.